ದಾನದ ಹಸುವಿನ ಹಲ್ಲು

ಎಪ್ಪತ್ತರ ದಶಕದಲ್ಲಿ ಮೂಡಿಗೆರೆ ಸೀಮೆಯ ತೋಟಗಳಲ್ಲಿ ಮೇ ತಿಂಗಳ ಕೊನೆಯ ವಾರ ಎಂದರೆ ಕಂಬಳಿ ಹಂಚುವ ಕಾಲ. ನನ್ನ ಅಪ್ಪ ಆಗ ಇಪ್ಪತ್ತು ಎಕರೆಯ ಸಣ್ಣ ತೋಟವೊಂದರಲ್ಲಿ ಮೇಸ್ತ್ರಿ. ಮಳೆ ಹಿಡಿಯುವ ಮುಂಚಿನ ಭಾನುವಾರ ಆಳುಗಳೆಲ್ಲ ಧಣಿಗಳ ಮನೆಯಂಗಳಕ್ಕೆ ಬರಬೇಕು. ಜಗುಲಿಯ ಮೇಲೆ ಕಂಬಳಿಗಳ ರಾಶಿ, ಪಕ್ಕದಲ್ಲಿ ಧಣಿ, ಕೆಳಗೆ ಅಂಗಳದಲ್ಲಿ ಇವರು. ಅಪ್ಪ ಹೆಸರು ಕೂಗುತ್ತಿದ್ದರು. ಕೂಗಿದವರು ಬಂದು, ಹೆಗಲ ಮೇಲಿನ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಒಡ್ಡಿ ಕಂಬಳಿ ತೆಗೆದುಕೊಂಡು, ಬೆನ್ನು ತೋರಿಸದೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಧಣಿ ಕೆಟ್ಟವರಲ್ಲ. ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳುತ್ತಿದ್ದರು. ‘ಹೋದ ವರ್ಷದ್ದು ಹೆಂಡಕ್ಕೆ ಮಾರಿದೆಯಂತಲ್ಲ, ಇದನ್ನಾದರೂ ಉಳಿಸಿಕೋ’ ಎಂದು ನಗುತ್ತಲೇ ಅನ್ನುತ್ತಿದ್ದರು. ಅಂಗಳವೂ ನಗುತ್ತಿತ್ತು. ಆ ಮನುಷ್ಯನೊಬ್ಬ ಮಾತ್ರ ನಗುತ್ತಿರಲಿಲ್ಲ.

ಈ ಕಂಬಳಿಯ ಬೆಲೆ ಗೊತ್ತಾಗಬೇಕಾದರೆ ಇಲ್ಲಿಯ ಮಳೆಯಲ್ಲಿ ಒಂದು ದಿನ ಕಳೆ ತೆಗೆಯಬೇಕು. ಚಳ್ಳಕೆರೆ ಕಡೆಯ ಕರಿ ಕಂಬಳಿಯನ್ನು ಮಡಿಸಿ ಒಂದು ಮೂಲೆ ತಲೆಯ ಮೇಲೆ ಬರುವಂತೆ ಮಾಡಿದರೆ ಅದೇ ಕೊಪ್ಪೆ. ನೆನೆದ ಮೇಲೆ ಕತ್ತು ನೋಯುವಷ್ಟು ಭಾರ. ಆದರೆ ಉಣ್ಣೆ ನೆನೆದರೂ ಬಿಸಿ ಬಿಡುವುದಿಲ್ಲ, ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತವೆ. ಹಗಲು ಕೊಪ್ಪೆಯಾದದ್ದೇ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿ ಮಕ್ಕಳ ಹೊದಿಕೆಯಾಗಬೇಕು. ಒಳ್ಳೆಯ ಕಂಬಳಿ ಮೂರು ಮಳೆಗಾಲ ಬರುತ್ತದೆ. ಸಡಿಲ ನೇಯ್ಗೆಯದು ಒಂದೇ ವರ್ಷಕ್ಕೆ ಜಾಲರಿಯಾಗುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೋ ಇಲ್ಲವೋ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಆದರೆ ಆ ಅಂಗಳದಲ್ಲಿ ಕಂಬಳಿಯನ್ನು ಬೆಳಕಿಗೆ ಹಿಡಿದವರನ್ನು ನಾನು ಒಬ್ಬರನ್ನೂ ನೋಡಲಿಲ್ಲ. ದಾನದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆ ಎಲ್ಲರಿಗೂ ಗೊತ್ತಿತ್ತು.

ಒಂದೆರಡು ವರ್ಷ ಕಳೆದು ಅಪ್ಪನಿಗೆ ಹಳ್ಳದಾಚೆಯ ಮುನ್ನೂರು ಎಕರೆ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಅಲ್ಲಿ ಕಂಬಳಿ ಬಂದದ್ದು ಸ್ಟೋರಿಗೆ. ಒಂದು ರಿಜಿಸ್ಟರು, ಚೆಕ್‌ರೋಲಿನಲ್ಲಿದ್ದ ಹೆಸರುಗಳು, ಹೆಬ್ಬೆಟ್ಟು. ಬಟವಾಡೆಯ ದಿನ ಸಂಬಳದ ಜೊತೆಗೇ ಕಿಟಕಿಯಲ್ಲಿ ಕೊಡುತ್ತಿದ್ದರು. ಮೊದಲ ವರ್ಷವೇ ಒಬ್ಬಾಕೆ ಕಂಬಳಿ ಬಿಡಿಸಿ ಬೆಳಕಿಗೆ ಹಿಡಿದು, ‘ರೈಟ್ರೇ, ಇದರಲ್ಲಿ ರವೆ ಜರಡಿ ಹಿಡಿಯಬಹುದು, ಬೇರೆ ಕೊಡಿ’ ಎಂದಳು. ಅಪ್ಪ ದಂಗಾದರು. ಮನೆಗೆ ಬಂದು ಅಮ್ಮನ ಹತ್ತಿರ ‘ಏನು ಸೊಕ್ಕು ನೋಡು’ ಎಂದದ್ದು ನನ್ನ ಕಿವಿಗೂ ಬಿತ್ತು. ಆದರೆ ಮಾರನೆಯ ದಿನ ಬೇರೆ ಕಂಬಳಿ ಕೊಟ್ಟರು. ಕೊಡದೆ ಗತಿಯಿರಲಿಲ್ಲ.

ಹಳ್ಳದ ಆಚೆಗೂ ಈಚೆಗೂ ಇದ್ದ ಈ ಅಂತರದ ಮೂಲ ದೆಹಲಿಯಲ್ಲಿತ್ತು. ಎರಡನೆಯ ಮಹಾಯುದ್ಧ ಮುಗಿದ ಹೊತ್ತಿಗೆ ಸರ್ಕಾರ ದೇಶದ ತೋಟಗಳ ಕೂಲಿಕಾರರ ಸ್ಥಿತಿ ವಿಚಾರಿಸಲು ಡಿ. ವಿ. ರೇಗೆ ಎಂಬ ಅಧಿಕಾರಿಯನ್ನು ನೇಮಿಸಿತು. 1946ರಲ್ಲಿ ಅವರ ವರದಿ ಬಂತು. ಮುಂದೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆಯಾಗಿ, 1954ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಕುಡಿಯುವ ನೀರು, ಲೈನ್ ಮನೆ, ಔಷಧಿ, ಕೂಸಿನ ಮನೆ ಎಲ್ಲ ಅದರಲ್ಲಿವೆ. ಹದಿನೇಳನೆಯ ಕಲಮಿನ ಕಡೆಗೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಮಳೆ ಚಳಿಯಿಂದ ರಕ್ಷಣೆಗೆ ಕೊಡೆ, ಕಂಬಳಿ, ಮಳೆಯಂಗಿ ಒದಗಿಸುವಂತೆ ತೋಟದ ಮಾಲೀಕರಿಗೆ ನಿಯಮ ಹಾಕುವ ಅಧಿಕಾರವನ್ನು ಅದು ರಾಜ್ಯಗಳಿಗೆ ಕೊಟ್ಟಿತು. ಧಣಿಯ ಜಗುಲಿಯ ಮೇಲಿದ್ದ ಕಂಬಳಿ ಕಾನೂನಿನ ಪುಸ್ತಕದೊಳಗೆ ಹೋದದ್ದು ಹೀಗೆ.

ಕಾಯ್ದೆ ಬಂದದ್ದರಿಂದ ಕಂಬಳಿ ದಪ್ಪವಾಗಲಿಲ್ಲ. ಎಷ್ಟೋ ಎಸ್ಟೇಟುಗಳಲ್ಲಿ ಇನ್ನೂ ತೆಳ್ಳಗಾಯಿತು, ಆಮೇಲೆ ಪ್ಲಾಸ್ಟಿಕ್ ಹಾಳೆಗೆ ಬಂದು ನಿಂತಿತು. ಬದಲಾದದ್ದು ತೆಗೆದುಕೊಳ್ಳುವವರ ಬಾಯಿ. ಹಲ್ಲು ಎಣಿಸುವ ಹಕ್ಕು ಅವರಿಗೆ ಬಂತು. ಕೊಟ್ಟದ್ದನ್ನು ಹಳಿಯಲು ಆಗದ ಕಡೆ ತೆಗೆದುಕೊಂಡವನ ತಲೆ ಬಗ್ಗಿರುತ್ತದೆ ಎಂದು ಮೊದಲು ನನಗೆ ತೋರಿದ್ದು ಆ ಸ್ಟೋರಿನ ಕಿಟಕಿಯಲ್ಲಿ. ಈಗಲೂ ಯಾವುದೇ ಹಂಚಿಕೆ ನೋಡಿದರೂ ನಾನು ಹುಡುಕುವುದು ಇದನ್ನೇ: ಇಲ್ಲಿ ಯಾರಾದರೂ ಗೊಣಗುತ್ತಿದ್ದಾರೆಯೇ?

ಹಾಗೆಂದು ಕಿಟಕಿಯೇ ಎಲ್ಲ ಎಂದರೆ ಸುಳ್ಳಾಗುತ್ತದೆ. ರಿಜಿಸ್ಟರಿಗೆ ಮುಖ ಕಾಣುವುದಿಲ್ಲ. ಹಳೆಯ ತೋಟದಲ್ಲಿ ಒಬ್ಬ ಮುದುಕಿ ಇದ್ದಳು. ಕಂಬಳಿ ಸಿಕ್ಕ ವರ್ಷವೆಲ್ಲ ಮೊದಲ ಮಳೆಗೆ ಬಿದಿರು ಮೆಳೆಯಿಂದ ಕಳಲೆ ಕಿತ್ತು, ಸುಲಿದು, ಬಾಳೆಲೆಯಲ್ಲಿ ಕಟ್ಟಿ ಧಣಿಗಳ ಮನೆಯ ಹಿತ್ತಿಲ ಬಾಗಿಲಿಗೆ ತಂದುಕೊಡುತ್ತಿದ್ದಳು. ಒಂದು ಸಲ ಆ ಮನೆಯ ಹೊಸ ಸೊಸೆ ಪಾಪ ಎನಿಸಿ, ‘ಬೇಡ ಅಜ್ಜಿ, ನೀನೇ ಪಲ್ಯ ಮಾಡಿಕೋ’ ಎಂದು ವಾಪಸು ಕಳಿಸಿದರು. ಮುದುಕಿ ನಮ್ಮ ಮನೆಗೆ ಬಂದು ಕಳಲೆಯನ್ನು ಅಮ್ಮನ ಮುಂದೆ ಕುಕ್ಕಿ, ‘ನಾನೇನು ಬೇಡಿ ತಿನ್ನೋಳಾ?’ ಎಂದಳು. ಆ ವರ್ಷ ಅವಳು ಕಂಬಳಿ ಹೊದ್ದದ್ದನ್ನು ನಾನು ಕಾಣಲಿಲ್ಲ, ಹಳೆಯ ಗೊರಬು ಹಾಕಿಕೊಂಡೇ ಮಳೆ ಕಳೆದಳು. ಸೊಸೆಗೆ ಒಳ್ಳೆಯ ಮನಸ್ಸೇ ಇತ್ತು. ಕಳಲೆ ಇಟ್ಟುಕೊಂಡಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ತೋಟದಲ್ಲಿ ಕಂಬಳಿಗಿಂತ ದೊಡ್ಡ ಉಪಕಾರವೆಂದರೆ ಅಡ್ವಾನ್ಸ್. ಕಾಫಿ ನಾಡಿನ ಕೂಲಿಯ ಚರಿತ್ರೆಯೇ ಮುಂಗಡದ ಚರಿತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಕೆಳಗಿನಿಂದ ಆಳು ತರಲು ಪ್ಲಾಂಟರುಗಳು ಮೇಸ್ತ್ರಿಗಳ ಕೈಗೆ ಮುಂಗಡ ಕೊಡುತ್ತಿದ್ದರು. ಬ್ರಿಟಿಷ್ ಸೀಮೆಯಲ್ಲಿ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆಯಲು 1859ರ ಕಾಯ್ದೆಯೊಂದು ಇತ್ತು. ಕೊಟ್ಟ ಹಣ ಮನುಷ್ಯನನ್ನೇ ಕಟ್ಟಿಹಾಕುವ ಹಗ್ಗವಾದರೆ ಆ ಸಾಲವೇ ಇಲ್ಲವೆಂದು ಇಡೀ ದೇಶಕ್ಕೆ ಹೇಳಲು 1976ರ ಜೀತ ನಿರ್ಮೂಲನ ಕಾಯ್ದೆಯವರೆಗೆ ಕಾಯಬೇಕಾಯಿತು.

ಈಗಿನ ಅಡ್ವಾನ್ಸನ್ನು ಹೆಚ್ಚಿನವರು ಪ್ರೀತಿಯಿಂದಲೇ ಕೊಡುತ್ತಾರೆ, ಬಡ್ಡಿಯನ್ನೂ ಕೇಳುವುದಿಲ್ಲ. ಆದರೂ ಅದು ಕೊರಳಿಗೆ ಸುತ್ತಿಕೊಳ್ಳುವುದು ಹೇಗೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಜುಲೈಯಲ್ಲಿ ಮಗಳ ಬಾಣಂತನಕ್ಕೆಂದು ಒಬ್ಬಾಕೆ 20,000 ರೂಪಾಯಿ ತೆಗೆದುಕೊಂಡಳು ಎನ್ನಿ. ದಿನಕ್ಕೆ 450ರಂತೆ ವಾರಕ್ಕೆ 2,700 ರೂಪಾಯಿ ದುಡಿಮೆ. ಹಣ್ಣು ಕೊಯ್ಲು ಶುರುವಾಗುವ ನವೆಂಬರಿನಿಂದ ಕೊಯ್ಲು ಮುಗಿಯುವವರೆಗೆ ವಾರಕ್ಕೆ 500 ಮುರಿದುಕೊಳ್ಳುವುದೆಂದು ಮಾತಾಯಿತು. ಅರೇಬಿಕಾ ಮುಗಿದು ರೋಬಸ್ಟಾ ಮುಗಿಯುವ ಮಾರ್ಚಿನವರೆಗೆ ಸುಮಾರು ಇಪ್ಪತ್ತು ವಾರ, ತೀರಿದ್ದು 10,000. ಅರ್ಧ ಸಾಲ ಉಳಿಯಿತು. ಅಷ್ಟರಲ್ಲಿ ಜೂನ್ ಬರುತ್ತದೆ. ಮಳೆಗೆ ವಾರದಲ್ಲಿ ಎರಡು ಮೂರು ದಿನ ಕೆಲಸ ತಪ್ಪುತ್ತದೆ, ಮುರಿಯಲು ಸಂಬಳವೇ ಇರುವುದಿಲ್ಲ. ಶಾಲೆಯ ಖರ್ಚಿಗೆ ಮತ್ತೆ 5,000. ಎರಡನೆಯ ವರ್ಷಕ್ಕೆ ಅವಳು 15,000 ಸಾಲದೊಂದಿಗೆ ಕಾಲಿಡುತ್ತಾಳೆ. ಪಕ್ಕದ ತೋಟದಲ್ಲಿ ಕೂಲಿ ಜಾಸ್ತಿ ಎಂದರೂ ಹೋಗಲಾರಳು. ಧಣಿ ತಡೆಯುವುದಿಲ್ಲ, ‘ಹೋಗು, ಆದರೆ ನನ್ನ ಬಾಕಿ?’ ಎನ್ನುತ್ತಾರೆ ಅಷ್ಟೆ.

ನಾನು ನೋಡಿದ ಒಬ್ಬ ಬೆಳೆಗಾರರು ಈ ಲೆಕ್ಕವನ್ನು ತಿರುಗಿಸಿದರು. ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೈಬಿರುಸಿನವರಿಗೆ ದಿನಗೂಲಿಗಿಂತ ಹೆಚ್ಚು ಹುಟ್ಟುತ್ತದೆ. ಆ ಇಪ್ಪತ್ತು ವಾರ ಮಾತ್ರ, ಸಾಲ ಪಡೆದವರು ಒಪ್ಪಿದರೆ, ವಾರಕ್ಕೆ 1,000 ಮುರಿಯುವುದು, ಮಳೆಗಾಲದಲ್ಲಿ ಒಂದು ಪೈಸೆಯನ್ನೂ ಮುಟ್ಟದಿರುವುದು. ಮಾರ್ಚಿಗೆ ಲೆಕ್ಕ ಸೊನ್ನೆ. ವೇತನ ಪಾವತಿ ಕಾಯ್ದೆ ಹಾಕಿದ ಅರ್ಧ ಸಂಬಳದ ಮಿತಿಯನ್ನೂ ಇದು ದಾಟುವುದಿಲ್ಲ. ಪ್ರತಿ ಬಟವಾಡೆಗೂ ಬಾಕಿ ಎಷ್ಟೆಂದು ಬರೆದ ಚೀಟಿಯೊಂದು ಅವಳ ಕೈಗೆ. ಆ ಚೀಟಿಯೇ ದೊಡ್ಡದು ಎಂದು ನನ್ನ ಅಂದಾಜು. ಲೆಕ್ಕ ಧಣಿಯ ಪುಸ್ತಕದಲ್ಲಿ ಮಾತ್ರ ಇದ್ದರೆ ಅವಳು ಎಂದೂ ಋಣದವಳೇ, ತನ್ನ ಟ್ರಂಕಿನಲ್ಲಿದ್ದರೆ ವ್ಯವಹಾರದವಳು.

ಕೇಳದೆಯೇ ಸಿಗುವ ಒಂದು ಊಟವೂ ಈ ಬೆಟ್ಟಗಳಲ್ಲಿದೆ. ಕಳಸದಿಂದ ಸ್ವಲ್ಪ ದೂರದ ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ. ಹಸಿದು ಬಂದೆಯಾ, ಹರಕೆಗೆ ಬಂದೆಯಾ ಎಂದು ಕೇಳುವ ಪದ್ಧತಿ ಇಲ್ಲ. ಕಾರಿನಲ್ಲಿ ಬಂದವರ ಪಕ್ಕದಲ್ಲಿ, ಮಳೆಗೆ ಕೆಲಸ ತಪ್ಪಿದ ತೋಟದವರೂ ಕೂತು ಉಂಡದ್ದನ್ನು ನೋಡಿದ್ದೇನೆ. ಪ್ರಸಾದ ಎಂಬ ಹೆಸರು ಎಲ್ಲರನ್ನೂ ತೆಗೆದುಕೊಳ್ಳುವವರನ್ನಾಗಿ ಮಾಡುತ್ತದೆ, ಆದ್ದರಿಂದ ಯಾರೂ ಸಣ್ಣವರಾಗುವುದಿಲ್ಲ. ಆದರೆ ಎಲ್ಲರಿಗೂ ಕೊಡುವಷ್ಟು ಇದ್ದಾಗ ಮಾತ್ರ ಇದು ನಡೆಯುವ ಮಾತು. ಐವತ್ತೇ ಕಂಬಳಿ ಇದ್ದು ಎಂಬತ್ತು ಜನ ಬಂದರೆ ಯಾರಿಗೆ ಹೆಚ್ಚು ಕಷ್ಟ ಎಂದು ಕೇಳಲೇಬೇಕಾಗುತ್ತದೆ. ಮರ್ಯಾದೆ ಹೋಗುವುದು ಆ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡುವಾಗ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದಾಗ ಕೊಟ್ಟೇ ಅಭ್ಯಾಸವಿದ್ದ ಕೈಗಳು ಒಡ್ಡಬೇಕಾಗಿ ಬಂತು. ಮನೆ, ಗದ್ದೆ, ಕಾಫಿ ಗಿಡ ಎಲ್ಲ ಮಣ್ಣಡಿಯಾಗಿತ್ತು. ನಾನು ಹೋದ ಪರಿಹಾರ ಕೇಂದ್ರದಲ್ಲಿ ಹಳೆ ಬಟ್ಟೆಯ ಗುಡ್ಡೆ ಬಿದ್ದಿತ್ತು, ಗುಂಡಿ ಕಿತ್ತ ಅಂಗಿ, ಹರಿದ ಚೂಡಿದಾರ. ಎರಡು ಎಕರೆಯ ಬೆಳೆಗಾರರೊಬ್ಬರು ಗುಡ್ಡೆಯ ಹತ್ತಿರ ಹೋಗಿ, ಬಗ್ಗಿ, ಏನೂ ಎತ್ತಿಕೊಳ್ಳದೆ ವಾಪಸು ಬಂದರು. ಪಕ್ಕದಲ್ಲಿ ಯಾರೋ ಮೊಬೈಲು ಹಿಡಿದು ನಿಂತಿದ್ದರು. ಸರ್ಕಾರ ಆ ವರ್ಷ ನೆರೆ ಸಂತ್ರಸ್ತ ಕುಟುಂಬಗಳಿಗೆ ತುರ್ತು ಪರಿಹಾರವೆಂದು 10,000 ರೂಪಾಯಿ ಕೊಟ್ಟಿತು. ‘ಬ್ಯಾಂಕಿಗೆ ಬಂದದ್ದನ್ನು ನಾನೇ ಹೋಗಿ ಬಿಡಿಸಿಕೊಂಡೆ, ಒಂದು ಜೊತೆ ಪಂಚೆ ತಂದೆ, ಅದು ಬೇರೆ ಮಾರಾಯ್ರೇ’ ಎಂದು ಅವರೇ ಆಮೇಲೆ ಹೇಳಿದರು.

ಕಂಬಳಿಯ ಕಾಯ್ದೆಯೂ ಎಲ್ಲ ತೋಟಗಳಿಗೆ ಅಲ್ಲ, ಅದಕ್ಕೊಂದು ಗೆರೆ ಇತ್ತು. ಮೊದಲು 25 ಎಕರೆ ಮತ್ತು 30 ಜನ ಕೆಲಸಗಾರರು, 1981ರ ತಿದ್ದುಪಡಿಯ ಮೇಲೆ ಐದು ಹೆಕ್ಟೇರ್ ಮತ್ತು 15 ಜನ. ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಂದು ತನ್ನೊಳಗೆ ಸೇರಿಸಿಕೊಂಡಿದೆ, ಐದು ಹೆಕ್ಟೇರಿನ ಗೆರೆ ಅಲ್ಲೂ ಇದೆ. ಚಿಕ್ಕಮಗಳೂರು ಸೀಮೆಯ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಅವರ ತೋಟದಲ್ಲಿ ದುಡಿಯುವವರಿಗೆ ಕೊಡೆಯಾಗಲಿ ಮಳೆಯಂಗಿಯಾಗಲಿ ಈ ಕಾನೂನಿನ ಹಕ್ಕಾಗಿ ಸಿಗುವುದಿಲ್ಲ. ಅಲ್ಲಿ ಈಗಲೂ ಜಗುಲಿಯೇ.

ನೀವು ಅಂಥ ಜಗುಲಿಯ ಮೇಲಿರುವವರಾದರೆ, ಈ ಮೇ ತಿಂಗಳಲ್ಲಿ ಹೆಸರು ಕೂಗಬೇಡಿ. ಬಟವಾಡೆಯ ದಿನ ಕೂಲಿಯ ಜೊತೆಗೇ ಕೊಟ್ಟುಬಿಡಿ. ಯಾರಾದರೂ ಬೆಳಕಿಗೆ ಹಿಡಿದು ನೋಡಿ ‘ಇದು ತೆಳು’ ಎಂದರೆ, ಬದಲಿಸಿ ಕೊಡಿ. ಕಳಲೆ ತಂದರೆ ಇಟ್ಟುಕೊಳ್ಳಿ.