ಇನ್ನೊಬ್ಬರು ಬೇಕು: ಲೆಕ್ಕ ಎಲ್ಲಿದೆ?

‘ಕೆಲಸ ಜಾಸ್ತಿಯಾಗಿದೆ, ಒಬ್ಬರನ್ನು ಕೊಡಿ’ ಎಂಬ ಅರ್ಜಿ ಹಣಕಾಸು ವಿಭಾಗದಲ್ಲಿ ಸಾಮಾನ್ಯವಾಗಿ ಮೂಲೆ ಸೇರುತ್ತದೆ. ಅಲ್ಲಿನವರು ಕೇಳುವುದು ಗಂಟೆಗಳ ಲೆಕ್ಕ.

ಕಾರ್ಖಾನೆಯೊಂದರ ರವಾನೆ ವಿಭಾಗದಲ್ಲಿ ಮೂವರಿದ್ದಾರೆ ಎನ್ನೋಣ. ತಿಂಗಳಿಗೆ 2,400 ಆರ್ಡರ್, ಒಂದಕ್ಕೆ 15 ನಿಮಿಷ. ಒಟ್ಟು 600 ಗಂಟೆ. ಸಂಬಳ 208 ಗಂಟೆಗೆ ಸಿಕ್ಕರೂ ರಜೆ, ಊಟ, ಮೀಟಿಂಗ್ ಕಳೆದು ಒಬ್ಬರಿಂದ ಸಿಗುವುದು ಸುಮಾರು 160 ಗಂಟೆ. ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಮೂವರಿಂದ 480, ಕೊರತೆ 120.

ಆ ಕೊರತೆಯನ್ನು ಈಗ ಓವರ್‌ಟೈಮ್ ತುಂಬುತ್ತಿದೆ. ಕಾರ್ಖಾನೆ ಕಾನೂನಿನಂತೆ ಅದಕ್ಕೆ ದುಪ್ಪಟ್ಟು ದರ. ಸಂಬಳ 20,800 ರೂಪಾಯಿ ಎಂದರೆ ಗಂಟೆಗೆ 100, ಓವರ್‌ಟೈಮ್‌ಗೆ 200. ತಿಂಗಳಿಗೆ 24,000 ಹೋಗುತ್ತಿದೆ. ಹೊಸಬರಿಗೆ ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಸೇರಿ ಸುಮಾರು 26,000. ಹೆಚ್ಚುವರಿ 2,000ಕ್ಕೆ 40 ಗಂಟೆ ಮಿಗುತ್ತದೆ.

ಇಷ್ಟಕ್ಕೇ ಒಪ್ಪಿಗೆ ಸಿಗದು. ಇದು ದಸರಾ, ದೀಪಾವಳಿಯ ಒತ್ತಡವೇ? ಹನ್ನೆರಡು ತಿಂಗಳ ಅಂಕಿ ತೋರಿಸಬೇಕು. ಹಬ್ಬದ ಎರಡು ತಿಂಗಳಷ್ಟೇ ಏರಿದ್ದರೆ ತಾತ್ಕಾಲಿಕ ನೆರವು ಸಾಕು.

ಇನ್ನೂ ಕಠಿಣವಾದ ಪ್ರಶ್ನೆ: ಒಂದು ಆರ್ಡರ್‌ಗೆ 15 ನಿಮಿಷವೇ ಏಕೆ? ಲೇಬಲ್ ಕೈಯಲ್ಲಿ ಬರೆಯುವುದನ್ನು ಬಿಟ್ಟು 12ಕ್ಕೆ ಇಳಿಸಿದರೆ 480 ಗಂಟೆ ಸಾಕು; ಹುದ್ದೆಯೇ ಬೇಡ. ಅರ್ಜಿ ಬರೆಯುವ ಮೊದಲು ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.