ಕಂಪನಿ ನಡೆಸುವವರು ಯಾರು? ಸಂಬಳದ ಪುಟ ತೆರೆದು ನೋಡಿ

ಇನ್ಫೋಸಿಸ್ ಎಂದೊಡನೆ ಕರ್ನಾಟಕದಲ್ಲಿ ಬಾಯಿಗೆ ಬರುವ ಮೊದಲ ಹೆಸರು ನಾರಾಯಣ ಮೂರ್ತಿಯವರದು, ನಂತರ ನಂದನ್ ನಿಲೇಕಣಿಯವರದು. ಮೂರ್ತಿಯವರು 2014ರಲ್ಲೇ ನಿರ್ದೇಶಕ ಮಂಡಳಿಯಿಂದ ಹೊರಬಂದರು. ನಿಲೇಕಣಿಯವರು 2017ರ ಆಗಸ್ಟ್‌ನಿಂದ ಮಂಡಳಿಯ ಅಧ್ಯಕ್ಷರು. ಆದರೆ ಕಂಪನಿಯ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಸಂಭಾವನೆಯ ಕೋಷ್ಟಕ ತೆರೆದರೆ ಅವರ ಹೆಸರಿನ ಮುಂದೆ ಮೊತ್ತವೇ ಇಲ್ಲ, ಏಕೆಂದರೆ ಈ ಕೆಲಸಕ್ಕೆ ಸಂಭಾವನೆ ಬೇಡವೆಂದು ಅವರೇ ಹೇಳಿದ್ದಾರೆ. ಅದೇ ಕೋಷ್ಟಕದಲ್ಲಿ ಸಲೀಲ್ ಪಾರೇಖ್ ಅವರ ಹೆಸರಿನ ಮುಂದೆ 2023-24ನೇ ಸಾಲಿಗೆ 66.25 ಕೋಟಿ ರೂಪಾಯಿ ಇದೆ.

ದಿನನಿತ್ಯದ ಆಡಳಿತ ಯಾರ ಕೈಯಲ್ಲಿದೆ ಎಂಬುದಕ್ಕೆ ಇದು ಮೊದಲ ಸುಳಿವು, ಪೂರ್ತಿ ಉತ್ತರವಲ್ಲ. ಲಕ್ಷಾಂತರ ನೌಕರರಿರುವ ಕಂಪನಿಯನ್ನು ಒಬ್ಬರೇ ನಡೆಸುವುದಿಲ್ಲ. ಉಳಿದವರು ಯಾರೆಂದು ತಿಳಿಯಲು ಅದೇ ವರದಿಯ ಇನ್ನೆರಡು ಮೂರು ಪುಟಗಳನ್ನು ಜೊತೆಗಿಟ್ಟು ಓದಬೇಕು.

2013ರ ಕಂಪನಿ ಕಾಯ್ದೆ 'ಪ್ರಮುಖ ವ್ಯವಸ್ಥಾಪಕ ಸಿಬ್ಬಂದಿ' ಎಂಬ ಒಂದು ಗುಂಪನ್ನು ಗುರುತಿಸುತ್ತದೆ. ವ್ಯವಹಾರದಲ್ಲಿ ಎಲ್ಲರೂ ಇದನ್ನು ಕೆಎಂಪಿ ಎನ್ನುತ್ತಾರೆ. ಮ್ಯಾನೇಜಿಂಗ್ ಡೈರೆಕ್ಟರ್ ಅಥವಾ ಸಿಇಒ, ಪೂರ್ಣಾವಧಿ ನಿರ್ದೇಶಕರು, ಹಣಕಾಸು ನೋಡುವ ಸಿಎಫ್‌ಒ, ಕಂಪನಿ ಸೆಕ್ರೆಟರಿ ಈ ಗುಂಪಿನಲ್ಲಿರುತ್ತಾರೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯಲ್ಲೂ, ಪಾವತಿಯಾದ ಷೇರು ಬಂಡವಾಳ 10 ಕೋಟಿ ರೂಪಾಯಿ ಮುಟ್ಟಿದ ಇತರ ಪಬ್ಲಿಕ್ ಕಂಪನಿಗಳಲ್ಲೂ ಈ ಹುದ್ದೆಗಳಿಗೆ ಪೂರ್ಣಾವಧಿಯ ಜನ ಇರಲೇಬೇಕು. ನಿರ್ದೇಶಕರಿಗಿಂತ ಒಂದೇ ಮೆಟ್ಟಿಲು ಕೆಳಗಿರುವ ಇತರ ಅಧಿಕಾರಿಗಳನ್ನೂ ಮಂಡಳಿ ಬಯಸಿದರೆ ಕೆಎಂಪಿ ಎಂದು ಹೆಸರಿಸಬಹುದು.

ಇಲ್ಲೊಂದು ತೊಡಕಿದೆ. ಕೆಎಂಪಿ ಎಂಬ ಇದೇ ಹೆಸರು ಲೆಕ್ಕಪತ್ರದ ನಿಯಮಗಳಲ್ಲೂ ಬರುತ್ತದೆ, ಅಲ್ಲಿ ಅದರ ವ್ಯಾಪ್ತಿ ಬೇರೆ. ಇಂಡ್ ಎಎಸ್ 24 ಎಂಬ ನಿಯಮದ ಪ್ರಕಾರ ಕಂಪನಿಯ ಚಟುವಟಿಕೆಗಳನ್ನು ಯೋಜಿಸುವ, ನಿರ್ದೇಶಿಸುವ, ನಿಯಂತ್ರಿಸುವ ಅಧಿಕಾರ ಮತ್ತು ಹೊಣೆ ಯಾರಿಗಿದೆಯೋ ಅವರೆಲ್ಲ ಕೆಎಂಪಿ. ಕಚೇರಿಗೆ ದಿನವೂ ಬಾರದ ಸ್ವತಂತ್ರ ನಿರ್ದೇಶಕರೂ ಇದರೊಳಗೆ ಸೇರುತ್ತಾರೆ. ಹೀಗಾಗಿ ನಿರ್ದೇಶಕ ಮಂಡಳಿಯ ವರದಿಯಲ್ಲಿ ನಾಲ್ಕು ಹೆಸರಿದ್ದರೆ, ಹಿಂದಿನ ಪುಟಗಳ 'ಸಂಬಂಧಿತ ಪಕ್ಷಗಳ ವ್ಯವಹಾರ' ಟಿಪ್ಪಣಿಯಲ್ಲಿ ಹದಿನೈದು ಹೆಸರು ಸಿಗಬಹುದು. ಎರಡೂ ಸರಿಯೇ. ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು, ಏಕೆಂದರೆ ಮಂಡಳಿಯಲ್ಲಿ ಕೂರದೆಯೂ ಅಧಿಕಾರ ಚಲಾಯಿಸುವವರ ಹೆಸರುಗಳು ಅಲ್ಲಿ ಬಯಲಾಗುತ್ತವೆ.

ಇನ್ಫೋಸಿಸ್‌ನ ಟಿಪ್ಪಣಿಯನ್ನೇ ನೋಡಬಹುದು. ಅಲ್ಲಿ ಹೆಸರುಗಳನ್ನು ಮೂರು ಭಾಗ ಮಾಡಿರುತ್ತಾರೆ: ಪೂರ್ಣಾವಧಿ ನಿರ್ದೇಶಕರು, ಪೂರ್ಣಾವಧಿಯಲ್ಲದ ನಿರ್ದೇಶಕರು, ಕಾರ್ಯನಿರ್ವಾಹಕ ಅಧಿಕಾರಿಗಳು. ಮುಖ್ಯ ಕಾರ್ಯಾಚರಣಾಧಿಕಾರಿಯಾಗಿದ್ದ ಪ್ರವೀಣ್ ರಾವ್ 2021ರ ಡಿಸೆಂಬರ್‌ನಲ್ಲಿ ನಿವೃತ್ತರಾದ ಮೇಲೆ ಮೊದಲ ಭಾಗದಲ್ಲಿ ಪಾರೇಖ್ ಒಬ್ಬರೇ ಉಳಿದರು. ಆಗ ಮಂಡಳಿಯ ಪಟ್ಟಿಯನ್ನಷ್ಟೇ ಓದಿದವರಿಗೆ ಇದು ಒಬ್ಬರೇ ನಡೆಸುತ್ತಿರುವ ಕಂಪನಿ ಎನಿಸಿದ್ದರೆ ಆಶ್ಚರ್ಯವಿಲ್ಲ. ಮೂರನೇ ಭಾಗಕ್ಕೆ ಕಣ್ಣು ಹಾಯಿಸಿದವರಿಗೆ ಮಾತ್ರ ಸಿಎಫ್‌ಒ, ಕಾನೂನು ಮುಖ್ಯಸ್ಥೆ, ಮಾನವ ಸಂಪನ್ಮೂಲ ಮುಖ್ಯಸ್ಥರ ಜೊತೆಗೆ ಪ್ರೆಸಿಡೆಂಟ್ ಎಂಬ ಹುದ್ದೆಯ ಇಬ್ಬರು ಕಾಣುತ್ತಿದ್ದರು. ಅವರೇ ರವಿಕುಮಾರ್ ಎಸ್. ಮತ್ತು ಮೋಹಿತ್ ಜೋಶಿ.

ಮುಂದೆ ಆದದ್ದು ಆ ಪಟ್ಟಿಯ ತೂಕವನ್ನು ತೋರಿಸಿತು. ರವಿಕುಮಾರ್ 2022ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು, 2023ರ ಜನವರಿಯಲ್ಲಿ ಕಾಗ್ನಿಜೆಂಟ್‌ನ ಸಿಇಒ ಆದರು. ಜೋಶಿ 2023ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು, ಆ ವರ್ಷದ ಕೊನೆಗೆ ಟೆಕ್ ಮಹೀಂದ್ರದ ಚುಕ್ಕಾಣಿ ಹಿಡಿದರು. ಎದುರಾಳಿ ಕಂಪನಿಗಳು ತಮ್ಮ ಅತ್ಯುನ್ನತ ಹುದ್ದೆ ಕೊಟ್ಟು ಕರೆದೊಯ್ಯುವಷ್ಟು ದೊಡ್ಡ ಹೊಣೆ ಹೊತ್ತಿದ್ದ ಇಬ್ಬರು ಮಂಡಳಿಯಲ್ಲೇ ಇರಲಿಲ್ಲ. ಅವರ ಹೆಸರು ಇದ್ದದ್ದು ಹೆಚ್ಚಿನವರು ಓದದ ಆ ಟಿಪ್ಪಣಿಯಲ್ಲಿ. ಅದರಲ್ಲಿ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಸೇರಿದ ದಿನ, ಬಿಟ್ಟ ದಿನವೂ ಇರುತ್ತದೆ. ನಾಲ್ಕೈದು ವರ್ಷಗಳ ವರದಿಗಳಿಂದ ಈ ಒಂದೇ ಟಿಪ್ಪಣಿಯನ್ನು ತೆಗೆದು ಸಾಲಾಗಿ ಇಟ್ಟುಕೊಂಡರೆ ಯಾರು ಉಳಿದರು, ಯಾರು ಹೋದರು, ಹೋದವರ ಜಾಗ ತುಂಬಿತೇ ಎಂಬ ಚಿತ್ರ ತಾನಾಗಿ ಮೂಡುತ್ತದೆ.

ಈ ಟಿಪ್ಪಣಿಯ ಒಂದು ಕೊರತೆ ಏನೆಂದರೆ, ಪೂರ್ಣಾವಧಿ ನಿರ್ದೇಶಕರು ಮತ್ತು ಅಧಿಕಾರಿಗಳ ಸಂಬಳವನ್ನೆಲ್ಲ ಇನ್ಫೋಸಿಸ್ ಅಲ್ಲಿ ಒಂದೇ ಸಾಲಿನಲ್ಲಿ ಒಟ್ಟುಗೂಡಿಸಿ ಕೊಡುತ್ತದೆ. ಯಾರಿಗೆ ಎಷ್ಟು ಎಂಬುದಕ್ಕೆ ಬೇರೆ ಪುಟಕ್ಕೆ ಹೋಗಬೇಕು. ಹೋದಾಗ ಮೊತ್ತ ನೋಡಿ ಸುಮ್ಮನಾಗಬಾರದು, ಅದನ್ನು ಬಿಡಿಸಿ ನೋಡಬೇಕು.

ಪಾರೇಖ್ ಅವರ ಸಂಭಾವನೆ 2021-22ರಲ್ಲಿ 71.02 ಕೋಟಿ ರೂಪಾಯಿ ಇದ್ದದ್ದು 2022-23ರಲ್ಲಿ 56.45 ಕೋಟಿಗೆ ಬಂತು. ಸಂಬಳ ಐದನೇ ಒಂದರಷ್ಟು ಕಡಿತವಾಯಿತು ಎಂದೇ ಸುದ್ದಿಯಾಯಿತು. ಒಳಗಿನ ಲೆಕ್ಕ ಬೇರೆಯೇ ಇತ್ತು. ಮೊದಲ ವರ್ಷದ ಮೊತ್ತದಲ್ಲಿ 52.33 ಕೋಟಿ, ಹಿಂದೆ ಮಂಜೂರಾಗಿದ್ದ ಷೇರುಗಳನ್ನು ಆ ವರ್ಷ ತಮ್ಮದಾಗಿಸಿಕೊಂಡದ್ದರ ಮೌಲ್ಯ. ಎರಡನೇ ವರ್ಷ ಈ ಬಾಬ್ತು 30.60 ಕೋಟಿಗೆ ಇಳಿಯಿತು. ಇದನ್ನು ಬದಿಗಿಟ್ಟು ಮೂಲ ಸಂಬಳ ಮತ್ತು ಬೋನಸ್ ಕೂಡಿಸಿದರೆ ಮೊದಲ ವರ್ಷ ಸುಮಾರು 18 ಕೋಟಿ, ಎರಡನೇ ವರ್ಷ ಸುಮಾರು 25 ಕೋಟಿ. ಅಂದರೆ ಆ ವರ್ಷದ ಕೆಲಸಕ್ಕೆ ನಗದಾಗಿ ಸಿಕ್ಕ ಹಣ ಇಳಿದಿರಲಿಲ್ಲ, ಏರಿತ್ತು.

2023-24ರ 66.25 ಕೋಟಿಯನ್ನೂ ಹೀಗೇ ಬಿಡಿಸಬಹುದು. ಮೂಲ ಸಂಬಳ 7 ಕೋಟಿ, ಬೋನಸ್ 19.75 ಕೋಟಿ, ನಿವೃತ್ತಿ ಸೌಲಭ್ಯ 47 ಲಕ್ಷ, ಷೇರುಗಳಿಂದ ಬಂದದ್ದು 39.03 ಕೋಟಿ. ಒಟ್ಟು ಮೊತ್ತದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಖಚಿತ ಸಂಬಳ. ಮಿಕ್ಕ ಬಹುಪಾಲು ಕಂಪನಿಯ ಸಾಧನೆಗೆ ಮತ್ತು ಷೇರಿನ ಬೆಲೆಗೆ ಕಟ್ಟಿಹಾಕಿದ ಹಣ. ಆಡಳಿತ ಯಾರ ಕೈಯಲ್ಲಿದೆ ಎಂದು ಹುಡುಕುವವರಿಗೆ ಮೊತ್ತಕ್ಕಿಂತ ಈ ಪ್ರಮಾಣವೇ ಮುಖ್ಯ. ಫಲಿತಾಂಶಕ್ಕೆ ಯಾರನ್ನು ಹೊಣೆ ಮಾಡಲಾಗಿದೆಯೋ ಅವರ ಸಂಭಾವನೆಯ ದೊಡ್ಡ ಭಾಗ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಸಭೆಗೆ ಬಂದು ಸಲಹೆ ಕೊಟ್ಟು ಹೋಗುವ ನಿರ್ದೇಶಕರಿಗೆ ಸಿಗುವುದು ಸಭಾ ಭತ್ಯೆ ಮತ್ತು ಕಮಿಷನ್, ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಯಾವ ಸಾಧನೆಗೆ ಎಷ್ಟು ಎಂಬ ವಿವರ ನೇಮಕಾತಿ ಒಪ್ಪಿಗೆಗಾಗಿ ಷೇರುದಾರರಿಗೆ ಕಳಿಸುವ ಸಭಾ ಸೂಚನಾ ಪತ್ರದಲ್ಲಿ ಸಿಗುತ್ತದೆ.

ಆದರೆ ಸಂಬಳ ಇಲ್ಲ ಎಂದಮಾತ್ರಕ್ಕೆ ಅಧಿಕಾರವೂ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ರಿಲಯನ್ಸ್ ಇಂಡಸ್ಟ್ರೀಸ್‌ನ ಮುಕೇಶ್ ಅಂಬಾನಿ ತಮ್ಮ ಸಂಬಳವನ್ನು 2008-09ರಿಂದ 15 ಕೋಟಿಗೆ ಮಿತಿಗೊಳಿಸಿಕೊಂಡಿದ್ದರು. 2020-21ರಿಂದ ಅದನ್ನೂ ಬಿಟ್ಟರು. ನಿಲೇಕಣಿಯವರದೂ ಶೂನ್ಯ, ಅಂಬಾನಿಯವರದೂ ಶೂನ್ಯ, ಆದರೆ ಹುದ್ದೆಯ ಕಾಲಂ ಬೇರೆ: ಒಬ್ಬರು ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರು, ಇನ್ನೊಬ್ಬರು ಅಧ್ಯಕ್ಷರೂ ಹೌದು, ಮ್ಯಾನೇಜಿಂಗ್ ಡೈರೆಕ್ಟರೂ ಹೌದು. ಕಾನೂನಿನ ಕಣ್ಣಲ್ಲಿ ಎರಡನೆಯವರು ದಿನನಿತ್ಯದ ಆಡಳಿತಕ್ಕೆ ಹೊಣೆಗಾರರು. ಕಂಪನಿಯ ದೊಡ್ಡ ಪಾಲಿನ ಒಡೆಯರಿಗೆ ಆದಾಯ ಬರುವುದು ಲಾಭಾಂಶದಿಂದ, ಸಂಬಳ ಅವರಿಗೆ ಅನಿವಾರ್ಯವಲ್ಲ. ಅದೇ ರಿಲಯನ್ಸ್‌ನಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರಾದ ನಿಖಿಲ್ ಮೇಸ್ವಾನಿ ಮತ್ತು ಹಿತಲ್ ಮೇಸ್ವಾನಿ 2023-24ರಲ್ಲಿ ತಲಾ ಸುಮಾರು 25 ಕೋಟಿ ಪಡೆದಿದ್ದಾರೆ. ಪತ್ರಿಕೆಗಳ ಮುಖಪುಟದಲ್ಲಿ ಅಪರೂಪಕ್ಕೆ ಕಾಣುವ ಈ ಇಬ್ಬರು ಸೋದರರು ಸಂಭಾವನೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದಾರೆ.

ಪದನಾಮ ಬದಲಾದ ದಿನವನ್ನೂ ಗಮನಿಸಬೇಕು. ಅಂಬಾನಿಯವರ ಮೂವರು ಮಕ್ಕಳು 2023ರ ಅಕ್ಟೋಬರ್‌ನಲ್ಲಿ ಮಂಡಳಿಗೆ ಬಂದದ್ದು ಕಾರ್ಯನಿರ್ವಾಹಕರಲ್ಲದ ನಿರ್ದೇಶಕರಾಗಿ. 2025ರ ಮೇ 1ರಿಂದ ಅನಂತ್ ಅಂಬಾನಿ ಪೂರ್ಣಾವಧಿ ನಿರ್ದೇಶಕರಾದರು. ಆ ದಿನದಿಂದ ಅವರು ಸಭಾ ಭತ್ಯೆಯ ಸಾಲಿನಿಂದ ಸಂಬಳದ ಸಾಲಿಗೆ, ಜೊತೆಗೆ ಕಾಯ್ದೆ ಹೇಳುವ ಕೆಎಂಪಿ ಗುಂಪಿಗೆ ಬಂದರು.

ದೊಡ್ಡ ಸಮೂಹಗಳಲ್ಲಿ ಮಾತೃ ಕಂಪನಿಯ ವರದಿಯೊಂದನ್ನೇ ಓದಿದರೆ ಸಾಲದು. ಜಿಯೋ ಎಂದರೆ ಜನರ ಕಣ್ಣಮುಂದೆ ಬರುವವರು ಆಕಾಶ್ ಅಂಬಾನಿ. ಅವರು ರಿಲಯನ್ಸ್ ಜಿಯೋ ಇನ್ಫೋಕಾಮ್‌ನ ಅಧ್ಯಕ್ಷರಾದ 2022ರ ಜೂನ್‌ನಲ್ಲೇ ಅಲ್ಲಿನ ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ನೇಮಕವಾದವರು ಪಂಕಜ್ ಪವಾರ್. ಈ ಹೆಸರಿಗಾಗಿ ಹೋಗಬೇಕಾದದ್ದು ಜಿಯೋದ ಸ್ವಂತ ವಾರ್ಷಿಕ ವರದಿಗೆ. ಮಾತೃ ಕಂಪನಿಯ ನಿರ್ದೇಶಕರೊಬ್ಬರಿಗೆ ಅಂಗ ಕಂಪನಿಯಿಂದಲೂ ಹಣ ಬರುತ್ತಿರಬಹುದು, ಹಾಗಾಗಿ ಒಂದು ವರದಿಯಲ್ಲಿ ಸಂಬಳ ಕಡಿಮೆ ಕಂಡರೆ ಇನ್ನೊಂದನ್ನು ತೆರೆದು ನೋಡುವುದು ಒಳ್ಳೆಯದು.

ತೆರೆಮರೆಯಲ್ಲಿ ಆಡಳಿತ ನಡೆಸುವವರನ್ನು ಹಿಡಿಯಲೆಂದೇ ಎರಡು ನಿಯಮಗಳಿವೆ. ಕಾರ್ಯನಿರ್ವಾಹಕರಲ್ಲದ ಒಬ್ಬ ನಿರ್ದೇಶಕರಿಗೆ ಕೊಡುವ ಹಣ, ಅಂಥ ಎಲ್ಲ ನಿರ್ದೇಶಕರಿಗೆ ಸೇರಿ ಕೊಡುವುದರ ಅರ್ಧಕ್ಕಿಂತ ಹೆಚ್ಚಾದರೆ ನೋಂದಾಯಿತ ಕಂಪನಿ ಪ್ರತಿ ವರ್ಷ ವಿಶೇಷ ನಿರ್ಣಯದ ಮೂಲಕ ಷೇರುದಾರರ ಒಪ್ಪಿಗೆ ಪಡೆಯಬೇಕು. ಸೂಚನಾ ಪತ್ರದಲ್ಲಿ ಇಂಥ ನಿರ್ಣಯ ವರ್ಷವೂ ಕಾಣಿಸಿದರೆ ಆ 'ಸಲಹೆಗಾರ' ಅಧ್ಯಕ್ಷರು ಎಷ್ಟು ಕೆಲಸ ಮಾಡುತ್ತಿದ್ದಾರೆ ಎಂದು ಕೇಳಲೇಬೇಕು. ಎರಡನೆಯದು ನೌಕರರ ಬಗ್ಗೆ. ಯಾವುದೇ ನೌಕರರು ಮ್ಯಾನೇಜಿಂಗ್ ಡೈರೆಕ್ಟರ್‌ಗಿಂತ ಅಥವಾ ಪೂರ್ಣಾವಧಿ ನಿರ್ದೇಶಕರಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದು, ಅವರ ಬಳಿ ಪತಿ ಅಥವಾ ಪತ್ನಿ ಮತ್ತು ಅವಲಂಬಿತ ಮಕ್ಕಳದ್ದೂ ಸೇರಿ ಶೇಕಡಾ 2ರಷ್ಟಾದರೂ ಷೇರುಗಳಿದ್ದರೆ ಅವರ ಹೆಸರನ್ನು ಪ್ರಕಟಿಸಬೇಕು.

ಆ ಹೆಸರು ಬರುವುದು ಮಂಡಳಿಯ ವರದಿಯ ಒಂದು ಅನುಬಂಧದಲ್ಲಿ. ಅತಿ ಹೆಚ್ಚು ಸಂಬಳದ ಹತ್ತು ನೌಕರರು, ವರ್ಷಕ್ಕೆ 1 ಕೋಟಿ 2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದೆ ಪಡೆಯುವವರು ಅದರಲ್ಲಿರುತ್ತಾರೆ. ಹುದ್ದೆ, ವಯಸ್ಸು, ಅನುಭವ, ಸೇರಿದ ದಿನ, ಹಿಂದೆ ಕೆಲಸ ಮಾಡಿದ ಕಡೆ, ನಿರ್ದೇಶಕರ ಸಂಬಂಧಿಯೇ ಅಲ್ಲವೇ ಎಂಬುದಕ್ಕೂ ಅಲ್ಲಿ ಕಾಲಂಗಳಿವೆ. ಕೆಎಂಪಿ ಪಟ್ಟಿಗೆ ಸೇರದೆ ದೊಡ್ಡ ದೊಡ್ಡ ವಿಭಾಗಗಳನ್ನು ನಡೆಸುವವರು ಸಿಗುವುದು ಇಲ್ಲೇ. ಆದರೆ ಅಂಚೆ ಅಥವಾ ಇಮೇಲ್‌ನಲ್ಲಿ ಬರುವ ವರದಿಯಿಂದ ಈ ಅನುಬಂಧವನ್ನು ಹೊರಗಿಡಲು ಕಾನೂನು ಅವಕಾಶ ಕೊಟ್ಟಿದೆ, ಬಹಳಷ್ಟು ಕಂಪನಿಗಳು ಹಾಗೇ ಮಾಡುತ್ತವೆ. ಅದು ಬೇಕಾದ ಷೇರುದಾರರು ಕಂಪನಿ ಸೆಕ್ರೆಟರಿಗೆ ಬರೆದು ಕೇಳಬೇಕು. ಸೆಕ್ರೆಟರಿಯ ಇಮೇಲ್ ವಿಳಾಸ ಸಾಮಾನ್ಯವಾಗಿ ವಾರ್ಷಿಕ ಸಭೆಯ ಸೂಚನಾ ಪತ್ರದಲ್ಲೇ ಇರುತ್ತದೆ. ಒಂದೇ ಒಂದು ಷೇರು ಇದ್ದವರಿಗೂ ಕೇಳುವ ಹಕ್ಕಿದೆ.