ಗುಡ್ಡ ಒಂದೋ ಎರಡೋ: ಹಿಸ್ಟೋಗ್ರಾಂ ಖಾನೆಯ ಅಗಲದ ಲೆಕ್ಕ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆ ಇದೆ. ನೆಲದೊಳಗಿನ ಕಾವಿಗೆ ಕುದಿದ ನೀರು ಆಗಾಗ ಮೇಲಕ್ಕೆ ಚಿಮ್ಮುತ್ತದೆ, ಕೆಲವು ನಿಮಿಷ ಅಬ್ಬರಿಸಿ ಅಡಗುತ್ತದೆ. ಮತ್ತೆ ಚಿಮ್ಮುವವರೆಗೆ ನೋಡಲು ಬಂದವರು ಕಾಯಬೇಕು. ಹೀಗೆ ಕಾಯಬೇಕಾದ ಹೊತ್ತನ್ನು ನಿಮಿಷಗಳಲ್ಲಿ ಬರೆದಿಟ್ಟ 272 ದಾಖಲೆಗಳ ಪಟ್ಟಿಯೊಂದು ಸಂಖ್ಯಾಶಾಸ್ತ್ರ ಓದಿದವರಿಗೆ ಹಳೆಯ ಪರಿಚಯ. R ತಂತ್ರಾಂಶ ಹಾಕಿಕೊಂಡರೆ `faithful` ಎಂಬ ಹೆಸರಿನಲ್ಲಿ ಅದು ಜೊತೆಗೇ ಬರುತ್ತದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಹೊತ್ತು 43 ನಿಮಿಷ, ಎಲ್ಲಕ್ಕಿಂತ ಹೆಚ್ಚು 96, ಸರಾಸರಿ ಸುಮಾರು 71.

ಈ ಅಂಕಿಗಳನ್ನು ಹಿಸ್ಟೋಗ್ರಾಂ ಮಾಡೋಣ. ಕೆಲಸ ಸುಲಭ: ಸಮಯದ ಗೆರೆಯನ್ನು ಸಮನಾದ ಖಾನೆಗಳಾಗಿ ಕತ್ತರಿಸುವುದು (ಶಾಲೆಯಲ್ಲಿ ಇದನ್ನೇ ವರ್ಗಾಂತರ ಎಂದು ಕಲಿತಿದ್ದೇವೆ), ಒಂದೊಂದು ಖಾನೆಗೆ ಎಷ್ಟು ದಾಖಲೆ ಬಿದ್ದವೆಂದು ಎಣಿಸುವುದು, ಅಷ್ಟೆತ್ತರದ ಕಂಬ ನಿಲ್ಲಿಸುವುದು. ಮೊದಲು 40ರಿಂದ ಶುರು ಮಾಡಿ 20 ನಿಮಿಷದ ಖಾನೆ ಹಾಕೋಣ. 40 ದಾಟಿ 60ರವರೆಗೆ 83 ದಾಖಲೆ, 60 ದಾಟಿ 80ರವರೆಗೆ 105, 80 ದಾಟಿ 100ರವರೆಗೆ 84. ನಡುವೆ ಎತ್ತರ, ಎರಡೂ ಕಡೆ ಹೆಚ್ಚುಕಡಿಮೆ ಸಮ. ಇದನ್ನು ನೋಡಿದ ಯಾರೂ, ಚಿಲುಮೆಗೆ ಸಾಮಾನ್ಯವಾಗಿ 70 ನಿಮಿಷದಷ್ಟು ಕಾಯಬೇಕು, ಕೆಲವೊಮ್ಮೆ ಸ್ವಲ್ಪ ಮೊದಲು, ಕೆಲವೊಮ್ಮೆ ಸ್ವಲ್ಪ ತಡ ಎಂದೇ ಹೇಳುತ್ತಾರೆ. ಸರಾಸರಿ 71 ಎಂಬುದೂ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಈಗ ಖಾನೆಯನ್ನು 10 ನಿಮಿಷಕ್ಕೆ ಇಳಿಸಿ. ಕಂಬಗಳು ಕ್ರಮವಾಗಿ 26, 57, 24, 81, 78, 6. ನಡುವಿನ ಗುಡ್ಡ ಇದ್ದ ಜಾಗದಲ್ಲೇ ಹಳ್ಳ ಬಿದ್ದಿದೆ. 60ರಿಂದ 70ರ ನಡುವೆ ಬರೀ 24! ಮೊದಲ ಚಿತ್ರದಲ್ಲಿ 105 ಎಂದು ಎದ್ದು ನಿಂತಿದ್ದ ಕಂಬದೊಳಗೆ ಈ 24 ಮತ್ತು ಅದರ ಪಕ್ಕದ 81 ಒಟ್ಟಿಗೆ ಕೂತಿದ್ದವು. ಇನ್ನೂ ಇಳಿಸಿ 5 ನಿಮಿಷಕ್ಕೆ ತಂದರೆ ಹನ್ನೆರಡು ಕಂಬ: 4, 22, 33, 24, 14, 10, 27, 54, 55, 23, 5, 1. ಈಗ ಅನುಮಾನವೇ ಇಲ್ಲ. 50ರ ಆಚೀಚೆ ಒಂದು ಸಣ್ಣ ಗುಡ್ಡ, 80ರ ಆಚೀಚೆ ಒಂದು ದೊಡ್ಡ ಗುಡ್ಡ, ನಡುವೆ ಕಣಿವೆ. ಸರಾಸರಿ 71 ಬರುವುದು ಈ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. 65 ದಾಟಿ 75ರವರೆಗೆ, ಅಂದರೆ ಸರಾಸರಿಯ ಸುತ್ತಮುತ್ತ, 272ರಲ್ಲಿ 37 ದಾಖಲೆ ಮಾತ್ರ ಸಿಗುತ್ತವೆ.

ಒಂದೇ ಒಂದು ಅಂಕಿಯನ್ನೂ ಮುಟ್ಟಲಿಲ್ಲ. ಬದಲಾದದ್ದು ಕತ್ತರಿಸಿದ ಜಾಗ ಮಾತ್ರ. ಪ್ರತಿ ಕಂಬವೂ ತನ್ನ ಖಾನೆಯೊಳಗಿನ ಏರುಪೇರುಗಳನ್ನೆಲ್ಲ ಸವರಿ ಒಂದೇ ಎತ್ತರಕ್ಕೆ ತರುತ್ತದೆ. ಇಲ್ಲಿ ಕಣಿವೆಯ ಅಗಲ ಹತ್ತು ಹನ್ನೆರಡು ನಿಮಿಷ. ಖಾನೆ ಅದಕ್ಕಿಂತ ಅಗಲವಾದರೆ ಕಣಿವೆ ಅದರೊಳಗೆ ಮುಚ್ಚಿಹೋಗುತ್ತದೆ.

ಹಾಗಾದರೆ ಖಾನೆಯನ್ನು ಕಿರಿದು ಮಾಡುತ್ತಲೇ ಹೋದರೆ ಸತ್ಯ ಸಿಕ್ಕೀತೇ? ಒಂದು ನಿಮಿಷದ ಖಾನೆ ಹಾಕಿ ನೋಡಿ. 43ರಿಂದ 96ರವರೆಗೆ 54 ಖಾನೆ, ಒಂದಕ್ಕೆ ಸರಾಸರಿ ಐದೇ ದಾಖಲೆ. ಇಷ್ಟು ಕಡಿಮೆ ಎಣಿಕೆ ಇರುವಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಅದನ್ನು ಅಳೆಯಲು ಸುಲಭದ ದಾರಿಯೊಂದಿದೆ: ಒಂದು ಖಾನೆಯ ಎಣಿಕೆ ಬರೀ ಅದೃಷ್ಟದಿಂದ ಅದರ ವರ್ಗಮೂಲದಷ್ಟು ಮೇಲೆ ಕೆಳಗೆ ಆಗುವುದು ಮಾಮೂಲು, ಅದರ ಎರಡರಷ್ಟಾದರೂ ಬೆರಗೇನಲ್ಲ. ಐದರ ವರ್ಗಮೂಲ ಎರಡಕ್ಕಿಂತ ತುಸು ಹೆಚ್ಚು. ಹಾಗಾಗಿ ಅಕ್ಕಪಕ್ಕದ ಕಂಬಗಳಲ್ಲಿ ಒಂದು 3, ಇನ್ನೊಂದು 8 ಬಂದರೆ ಅದಕ್ಕೆ ಅರ್ಥ ಹುಡುಕುತ್ತ ಕೂರಬಾರದು. ಮತ್ತೊಂದಿಷ್ಟು ದಿನ ಚಿಲುಮೆಯ ಮುಂದೆ ಕೂತು ಬರೆದುಕೊಂಡರೆ ಹಲ್ಲುಹಲ್ಲಾದ ಆ ಮೊನೆಗಳು ಬೇರೆಲ್ಲೋ ಏಳುತ್ತವೆ.

ಇದೇ ಅಳತೆಯನ್ನು 5 ನಿಮಿಷದ ಚಿತ್ರಕ್ಕೂ ಹಿಡಿಯಬಹುದು. ಕಣಿವೆಯ ತಳದಲ್ಲಿ 10 ಇದೆ, ವರ್ಗಮೂಲ ಸುಮಾರು 3. ಅದು 7 ಆಗಬಹುದಿತ್ತು, 13 ಆಗಬಹುದಿತ್ತು, ಅಪರೂಪಕ್ಕೆ 16 ಕೂಡ. ಆದರೆ ಎಡಗಡೆಯ 33ಕ್ಕೆ ಏರುವ ಮಾತೇ ಇಲ್ಲ, ಬಲಗಡೆಯ 55 ಇನ್ನೂ ದೂರ. ಕಣಿವೆ ನಿಜ. ಅದೇ 54ಕ್ಕೂ 55ಕ್ಕೂ ಇರುವ ವ್ಯತ್ಯಾಸ ಏನೂ ಅಲ್ಲ.

ಅಗಲದ ಜೊತೆಗೆ ಇನ್ನೊಂದು ಆಯ್ಕೆ ಸದ್ದಿಲ್ಲದೆ ಸೇರಿಕೊಂಡಿರುತ್ತದೆ: ಮೊದಲ ಖಾನೆ ಎಲ್ಲಿಂದ ಶುರು ಎಂಬುದು. 15 ನಿಮಿಷದ ಖಾನೆಗಳನ್ನು 40ರಿಂದ ಹಾಕಿದರೆ 59, 48, 136, 29. ಕಣಿವೆಯ ಸುಳಿವು ಸಿಗುತ್ತದೆ. ಅದೇ ಖಾನೆಗಳನ್ನು 35ರಿಂದ ಹಾಕಿದರೆ 26, 71, 91, 83, 1. ಒಂದೇ ಗುಡ್ಡ, ಕಣಿವೆ ಮಾಯ! ಅಗಲ ಸರಿಯಿದೆಯೇ ಎಂದು ತಿಳಿಯಲು ನನಗೆ ಯಾವ ಸೂತ್ರಕ್ಕಿಂತಲೂ ಹೆಚ್ಚು ನಂಬಿಕೆ ಈ ಪರೀಕ್ಷೆಯ ಮೇಲೆ. ಆರಂಭದ ಬಿಂದುವನ್ನು ಅರ್ಧ ಖಾನೆಯಷ್ಟು ಅತ್ತಿತ್ತ ಸರಿಸಿ ನೋಡಿ. ಕಥೆಯೇ ಬದಲಾದರೆ ಆ ಅಗಲ ಆ ಕಥೆ ಹೇಳುವಷ್ಟು ಸೂಕ್ಷ್ಮವಾಗಿಲ್ಲ. 10 ನಿಮಿಷದ ಖಾನೆಯನ್ನೂ 35ರಿಂದ ಶುರು ಮಾಡಿದರೆ 4, 55, 38, 37, 109, 28, 1 ಬರುತ್ತದೆ. ಎರಡು ಗುಡ್ಡ ಉಳಿದವು, ಕಣಿವೆ ಮಾತ್ರ ಬಹಳ ಮೇಲೆದ್ದಿತು.

ಸೂತ್ರಗಳೂ ಇವೆ. 1926ರಲ್ಲಿ ಹರ್ಬರ್ಟ್ ಸ್ಟರ್ಜಸ್ ಕೊಟ್ಟ ನಿಯಮ ಎಷ್ಟು ಖಾನೆ ಬೇಕೆಂದು ಹೇಳುತ್ತದೆ: ದಾಖಲೆಗಳ ಸಂಖ್ಯೆ ಎರಡರ ಎಷ್ಟನೇ ಘಾತವೋ ಅದಕ್ಕೆ ಒಂದು ಕೂಡಿಸಿ. 256 ದಾಖಲೆಗೆ 9 ಖಾನೆ. ಅನೇಕ ತಂತ್ರಾಂಶಗಳು ಕೇಳದೇ ಇದ್ದರೂ ಇದನ್ನೇ ಹಾಕುತ್ತವೆ. ದೋಷವೆಂದರೆ ಖಾನೆಗಳ ಸಂಖ್ಯೆ ಏರುವುದು ತೀರಾ ನಿಧಾನ. 2,62,144 ದಾಖಲೆ ಕೂಡಿಹಾಕಿದರೂ ಸಿಗುವುದು 19 ಖಾನೆ. ಅಷ್ಟು ದೊಡ್ಡ ರಾಶಿಯಲ್ಲಿರುವ ಸೂಕ್ಷ್ಮವನ್ನೆಲ್ಲ ಹತ್ತೊಂಬತ್ತು ಕಂಬದಡಿ ಹೂತಂತಾಗುತ್ತದೆ.

1981ರಲ್ಲಿ ಡೇವಿಡ್ ಫ್ರೀಡ್‌ಮನ್ ಮತ್ತು ಪರ್ಸಿ ಡಯಾಕೊನಿಸ್ ಪ್ರಕಟಿಸಿದ ನಿಯಮ ನೇರವಾಗಿ ಅಗಲವನ್ನೇ ಕೊಡುತ್ತದೆ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ. ಕಾಲುಭಾಗ ಮುಗಿಯುವಲ್ಲಿರುವ ಅಂಕಿಯನ್ನೂ ಮುಕ್ಕಾಲು ಭಾಗ ಮುಗಿಯುವಲ್ಲಿರುವ ಅಂಕಿಯನ್ನೂ ಗುರುತು ಮಾಡಿಕೊಳ್ಳಿ. ಅವೆರಡರ ಅಂತರವನ್ನು ಎರಡರಿಂದ ಗುಣಿಸಿ, ದಾಖಲೆಗಳ ಸಂಖ್ಯೆಯ ಘನಮೂಲದಿಂದ ಭಾಗಿಸಿ. ನಮ್ಮ ಚಿಲುಮೆಯಲ್ಲಿ ಆ ಅಂಕಿಗಳು 58 ಮತ್ತು 82, ಅಂತರ 24, ಅದರ ಎರಡರಷ್ಟು 48. 272ರ ಘನಮೂಲ ಸುಮಾರು 6.48. ಭಾಗಿಸಿದರೆ 7.4 ನಿಮಿಷ. ಎರಡು ತುದಿಗಳಲ್ಲಿ ಒಂದೆರಡು ವಿಪರೀತ ಅಂಕಿಗಳಿದ್ದರೂ ಈ ಲೆಕ್ಕ ಅಲುಗುವುದಿಲ್ಲ. ನನ್ನ ಮಟ್ಟಿಗೆ ಲೆಕ್ಕ ಶುರು ಮಾಡಲು ಇದೇ ಒಳ್ಳೆಯ ಜಾಗ.

ಶುರು ಮಾಡಲು ಮಾತ್ರ. ಸೂತ್ರ ನೋಡುವ 24 ನಿಮಿಷದ ಆ ಅಂತರ ಇಲ್ಲಿ ನಿಜವಾಗಿ ಏನನ್ನು ಅಳೆಯುತ್ತಿದೆ? 58 ಇರುವುದು ಮೊದಲ ಗುಡ್ಡದ ಇಳಿಜಾರಿನಲ್ಲಿ, 82 ಎರಡನೇ ಗುಡ್ಡದ ನೆತ್ತಿಯ ಬಳಿ. ಅಂದರೆ ಅದು ಹೆಚ್ಚುಕಡಿಮೆ ಗುಡ್ಡದಿಂದ ಗುಡ್ಡಕ್ಕಿರುವ ದೂರ. ಒಂದು ಗುಡ್ಡದ ಸ್ವಂತ ಹರವು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಎರಡು ಗುಡ್ಡಗಳಿರುವಲ್ಲಿ ಸೂತ್ರ ಬೇಕಾದದ್ದಕ್ಕಿಂತ ಅಗಲದ ಖಾನೆಯನ್ನೇ ಸೂಚಿಸುತ್ತದೆ. 7.4 ಬಂದಾಗ ಮೇಲಕ್ಕೆ ಹೋಗದೆ ಕೆಳಗಿಳಿದು 5 ಹಿಡಿಯುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಗಡಿಯಾರದಲ್ಲಿದೆ. ದಾಖಲೆಗಳೆಲ್ಲ ಇಡೀ ನಿಮಿಷಗಳಲ್ಲಿವೆ. 2.5 ನಿಮಿಷದ ಖಾನೆ ಹಾಕಿದಿರಿ ಎನ್ನಿ. 40 ದಾಟಿ 42.5ರವರೆಗಿನ ಖಾನೆಗೆ 41, 42 ಎಂಬ ಎರಡೇ ಅಂಕಿ ಬೀಳಬಲ್ಲವು; ಮುಂದಿನದಕ್ಕೆ 43, 44, 45 ಮೂರೂ ಬೀಳುತ್ತವೆ. ಒಂದು ಕಂಬ ಗಿಡ್ಡ, ಒಂದು ಉದ್ದ, ಮತ್ತೆ ಗಿಡ್ಡ: ಚಿಲುಮೆಗೆ ಸಂಬಂಧವೇ ಇಲ್ಲದ ಗರಗಸ. ಅರ್ಧ ನಿಮಿಷದ ಖಾನೆ ಹಾಕಿದರಂತೂ ಒಂದು ಬಿಟ್ಟು ಒಂದು ಖಾಲಿಯೇ. 7.4ಕ್ಕೂ ಇದೇ ತೊಂದರೆ, ಕೆಲವು ಖಾನೆಗೆ ಏಳು ಅಂಕಿ, ಕೆಲವಕ್ಕೆ ಎಂಟು. ಅಗಲ ಯಾವಾಗಲೂ ಅಳತೆಯ ಮೂಲಮಾನದ ಪೂರ್ಣ ಗುಣಕವಾಗಿರಬೇಕು. ಜನ ವಯಸ್ಸನ್ನು ಐದು ಹತ್ತರ ಅಂಕಿಗೆ ತಂದು ಹೇಳುವ ಪಟ್ಟಿಗಳಲ್ಲಿ 3 ವರ್ಷದ ಖಾನೆ ಹಾಕಿದರೂ ಇಂಥದೇ ಪೊಳ್ಳು ಗರಗಸ ಏಳುತ್ತದೆ.

R ನಲ್ಲಿ ಈ ಆಯ್ಕೆಯನ್ನು ಬಿಡಿಸಿ ಹೇಳಬೇಕು:

```
hist(faithful$waiting, breaks = seq(40, 100, by = 5))
```

`breaks = 7` ಎಂದು ಬರೀ ಸಂಖ್ಯೆ ಕೊಟ್ಟರೆ ಅದು ಸಲಹೆಯಷ್ಟೇ. R ತನಗೆ ದುಂಡಗೆ ಕಂಡ ಗಡಿಗಳನ್ನು ಹುಡುಕಿಕೊಂಡು ಬೇರೆಯೇ ಸಂಖ್ಯೆಯ ಖಾನೆ ಹಾಕೀತು. ಗಡಿಯ ಮೇಲೇ ಬಿದ್ದ 45ನ್ನು R ಎಡಗಡೆಯ ಖಾನೆಗೆ ಸೇರಿಸುತ್ತದೆ, ಪೈಥಾನ್‌ನ ನಂಪೈ ಬಲಗಡೆಯದಕ್ಕೆ. ಹಾಗಾಗಿ ಅದೇ ಪಟ್ಟಿ, ಅದೇ ಅಗಲ, ಅದೇ ಆರಂಭ ಇದ್ದೂ ಇಬ್ಬರ ಎಣಿಕೆ ಹೊಂದದೆ ಹೋಗಬಹುದು.

ಎರಡು ಗುಡ್ಡ ನಿಜವೆಂಬುದಕ್ಕೆ ಹಿಸ್ಟೋಗ್ರಾಂ ಆಚೆಗಿನ ಪುರಾವೆಯೂ ಇದೆ. ಅದೇ ಪಟ್ಟಿಯ ಇನ್ನೊಂದು ಕಂಬಸಾಲಿನಲ್ಲಿ ಚಿಲುಮೆ ಎಷ್ಟು ಹೊತ್ತು ಚಿಮ್ಮಿತೆಂದು ಬರೆದಿದೆ. ಎರಡು ನಿಮಿಷದ ಆಸುಪಾಸು ಚಿಮ್ಮಿ ನಿಂತರೆ ಮುಂದಿನ ಸರದಿ ಆಗ ಸುಮಾರು 55 ನಿಮಿಷಕ್ಕೇ ಬರುತ್ತಿತ್ತು. ನಾಲ್ಕು ನಿಮಿಷ ದಾಟಿ ಚಿಮ್ಮಿದರೆ ಒಳಗಿನ ನೀರು ಹೆಚ್ಚು ಖಾಲಿಯಾಗಿರುತ್ತಿತ್ತು, ಮತ್ತೆ ತುಂಬಿ ಕಾಯಲು 80 ನಿಮಿಷದಷ್ಟು ಬೇಕಾಗುತ್ತಿತ್ತು. ಉದ್ಯಾನದವರು ಮುಂದಿನ ಸರದಿಯನ್ನು ಲೆಕ್ಕ ಹಾಕುವುದೂ ಹಿಂದಿನದು ಎಷ್ಟು ಹೊತ್ತು ಚಿಮ್ಮಿತು ಎಂಬುದನ್ನು ನೋಡಿಯೇ.

ಪಟ್ಟಿ ಚಿಕ್ಕದಾಗಿದ್ದರೆ ಈ ಯಾವ ಜಾಣತನವೂ ಬಹಳ ದೂರ ಒಯ್ಯುವುದಿಲ್ಲ. ಸೂತ್ರದಲ್ಲಿ ಘನಮೂಲ ಇರುವುದರಿಂದ, ಖಾನೆಯನ್ನು ಅರ್ಧಕ್ಕಿಳಿಸಲು ಎಂಟು ಪಟ್ಟು ದಾಖಲೆ ಬೇಕು. ತಿರುಗಿಸಿ ನೋಡಿ: ನಮ್ಮಲ್ಲಿ 272ರ ಎಂಟನೇ ಒಂದು ಭಾಗ, ಅಂದರೆ 34 ದಾಖಲೆ ಮಾತ್ರ ಇದ್ದಿದ್ದರೆ ಸೂತ್ರ ಹೇಳುತ್ತಿದ್ದ ಅಗಲ ಸುಮಾರು 15 ನಿಮಿಷ. 15 ನಿಮಿಷದ ಖಾನೆಯಲ್ಲಿ ಕಣಿವೆ ಕಾಣುವುದೂ ಬಿಡುವುದೂ 40ರಿಂದ ಶುರು ಮಾಡಿದೆವೋ 35ರಿಂದಲೋ ಎಂಬುದರ ಮೇಲೆ ನಿಂತಿತ್ತು. ಅಂಥ ಕಡೆ ಹಿಸ್ಟೋಗ್ರಾಂ ಬಿಟ್ಟು, ಒಂದು ಗೆರೆ ಎಳೆದು ಮೂವತ್ತನಾಲ್ಕು ಚುಕ್ಕೆಗಳನ್ನೂ ಅವವುಗಳ ಜಾಗದಲ್ಲೇ ಇಟ್ಟುಬಿಡುವುದು ವಾಸಿ.